ಒಪ್ಪಿಕೊಂಡದ್ದೇ ತಪ್ಪಾಯಿತು

ನೀಲಗಂಗಾ ಹಿರಿಯರ ಮುಂದೆ ಬಾಯಿ ಬಿಟ್ಟವಳಲ್ಲ. ಅವಳ ಅಪ್ಪ ಮಹಾಂತಪ್ಪನವರು ಹುಬ್ಬಳ್ಳಿಯಲ್ಲಿ ವಕೀಲರು. ದಿನವಿಡೀ ಕೋರ್ಟಿನಲ್ಲಿ ವಾದ ಮಾಡಿ ಮನೆಗೆ ಬಂದರೆ, ಮನೆಯಲ್ಲಿ ಅವರ ಮಾತಿಗೆ ಅಪೀಲು ಇರಲಿಲ್ಲ. ಮಕ್ಕಳಿಬ್ಬರಿಗೂ ಗೊತ್ತಿದ್ದ ಉತ್ತರ ಒಂದೇ, 'ಆತು ಅಪ್ಪಾಜಿ.' ಔಷಧ ವಿಜ್ಞಾನ ಓದಲು ಅಮೆರಿಕಕ್ಕೆ ಬಂದು, ವಾಷಿಂಗ್ಟನ್ ಹತ್ತಿರದ ಲ್ಯಾಬೊಂದರಲ್ಲಿ ಕೆಲಸ ಹಿಡಿದ ಮೇಲೂ ಅವಳ ಈ ಗುಣ ಹೋಗಲಿಲ್ಲ. ಮೀಟಿಂಗಿನಲ್ಲಿ ಬಿಳಿ ಕೂದಲಿನವರು ಯಾರಾದರೂ ಮಾತಾಡಿದರೆ ಸಾಕು, ಇವಳ ತಲೆ ತಾನಾಗಿ ಆಡುತ್ತಿತ್ತು.

ಜನ್ಮದಲ್ಲಿ ಅಪ್ಪನ ಮಾತು ಮೀರಿದ್ದು ಒಂದೇ ಸಲ. ಆರಿ ಎಂಬ ಯಹೂದಿ ಇಂಜಿನಿಯರನನ್ನು ಮೆಚ್ಚಿದಳು, ಅವರ ಧರ್ಮವನ್ನೂ ಮೆಚ್ಚಿದಳು. ಎರಡು ವರ್ಷ ಪಾಠ ಹೇಳಿಸಿಕೊಂಡು, ಮೂವರು ರಬ್ಬಿಗಳ, ಅಂದರೆ ಅವರ ಧರ್ಮಗುರುಗಳ, ಎದುರು ಕುಳಿತು ಉತ್ತರ ಕೊಟ್ಟು, ಶಾಸ್ತ್ರದ ಕೊಳದಲ್ಲಿ ಮುಳುಗೆದ್ದು ಯಹೂದಿಯೇ ಆಗಿ ಅವನನ್ನು ಮದುವೆಯಾದಳು. ಅದನ್ನು ಅಪ್ಪನಿಗೆ ಹೇಳಿದಾಗಲೂ ವಾದ ಮಾಡಲಿಲ್ಲ. ಹೇಳಿದಳು, ಸುಮ್ಮನೆ ನಿಂತಳು. ಅಪ್ಪ ಎರಡು ವರ್ಷ ಮಾತು ಬಿಟ್ಟರು. ಹೆಂಡತಿ ತೀರಿಕೊಂಡ ಮೇಲೆ ಅದೇ ಮಗಳ ಮನೆಗೆ, ಮೇರಿಲ್ಯಾಂಡಿನ ಕೊಲಂಬಿಯಾಕ್ಕೆ, ಬಂದು ಉಳಿದರು. ಆದರೆ ಆ ಎರಡು ವರ್ಷದ ಬಗ್ಗೆ ಅಪ್ಪನೂ ಎತ್ತಲಿಲ್ಲ, ಮಗಳೂ ಕೇಳಲಿಲ್ಲ.

ಕೇಳಲು ಇನ್ನು ಸಮಯವಿದೆ ಎಂದುಕೊಂಡಿದ್ದಳು. ೨೦೨೦ರ ಏಪ್ರಿಲ್‌ನಲ್ಲಿ ಕೊರೋನಾ ಬಂತು, ಅಪ್ಪನನ್ನು ಆಂಬುಲೆನ್ಸಿನವರು ಕರೆದುಕೊಂಡು ಹೋದರು, ಅಷ್ಟೇ. ಡರ್ಹಮ್‌ನಲ್ಲಿ ಡಾಕ್ಟರಾಗಿದ್ದ ತಮ್ಮ ಕಲ್ಮೇಶ್ ಐದು ಗಂಟೆ ಕಾರು ಓಡಿಸಿಕೊಂಡು ಬಂದ. ಲಿಂಗಾಯತ ಪದ್ಧತಿಯಂತೆ ಮಣ್ಣು ಮಾಡಿದರು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಹಣೆಗೆ ವಿಭೂತಿ. ಅಕ್ಕ ತಮ್ಮ ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಹಾಗೂ ಇರಲಿಲ್ಲ. ಅವನು ಅದೇ ದಿನ ತನ್ನ ಆಸ್ಪತ್ರೆಗೆ ವಾಪಸಾದ.

ನೀಲಗಂಗಾಳಿಗೆ ಈಗ ಬೇಕಾದದ್ದು ಒಂದೇ. ಅಪ್ಪನಿಗಾಗಿ ಕದ್ದೀಶ್ ಹೇಳಬೇಕು. ತಂದೆ ತಾಯಿ ಹೋದರೆ ಯಹೂದಿ ಮಕ್ಕಳು ಹನ್ನೊಂದು ತಿಂಗಳು ಹೇಳುವ ಪ್ರಾರ್ಥನೆ ಅದು. ಬೇರೆ ಧರ್ಮದಲ್ಲಿ ಹುಟ್ಟಿ ಬಂದವರೂ ತಮ್ಮನ್ನು ಹೆತ್ತವರಿಗಾಗಿ ಹೇಳಬಹುದು ಎಂದು ಹಿಂದಿನವರೇ ತೀರ್ಮಾನಿಸಿದ್ದರು, ಆ ಬಗ್ಗೆ ತಕರಾರಿರಲಿಲ್ಲ. ತಕರಾರು ಮೊದಲು ಎತ್ತಿದವನು ತಮ್ಮ.

"ಅಕ್ಕಾ, ಸೀರಿಯಸ್ಲಿ? ಅಪ್ಪಾಜಿ ಸಾಯೂತನಕ ಲಿಂಗ ಕಟ್ಟಿಕೊಂಡಾಂವ. ಅವಗ್ಯಾಕ ನಿಮ್ಮ ಪ್ರಾರ್ಥನಾ?" ಎಂದು ಕಲ್ಮೇಶ್ ಫೋನಿನಲ್ಲಿ ಕೇಳಿದ.

"ಅದು ಅಪ್ಪಾಜಿನ್ನ ಬದಲಾಯಿಸೂ ಪ್ರಾರ್ಥನಾ ಅಲ್ಲೋ. ಅದರಾಗ ಸಾವಿನ ಮಾತ ಇಲ್ಲ. ದೇವರ ಹೆಸರು ದೊಡ್ಡದಾಗ್ಲಿ ಅಂತ ನಾ ಅನ್ನಬೇಕು. ಇಷ್ಟು ಪೆಟ್ಟು ತಿಂದ ಮ್ಯಾಲೂ."

"ಹಂಗಾದ್ರ ಅಂದುಬಿಡು. ಒಬ್ಬಾಕಿನೇ ಕುಂತು ಅನ್ನು, ಯಾರು ಬ್ಯಾಡ ಅಂತಾರ?"

"ಒಬ್ಬಾಕಿಗೆ ಅನ್ನಾಕ ಬರೂದಿಲ್ಲ, ಕಲ್ಮೇಶ. ಹತ್ತು ಮಂದಿ ಇರಬೇಕು. ನಾ ಹೇಳಿದ್ದಕ್ಕ ಅವರು ಆಮೆನ್ ಅನ್ನಬೇಕು. ಇಲ್ಲಂದ್ರ ಅದು ಕದ್ದೀಶೇ ಅಲ್ಲ."

ಇಲ್ಲೇ ಇದ್ದದ್ದು ಸಂಕಟ. ಪ್ರಾರ್ಥನೆಗೆ ಸೇರುವ ಸಿನಗಾಗಿನ ಬಾಗಿಲಿಗೆ ಬೀಗ. ಹತ್ತು ಮಂದಿಯನ್ನು ಒಂದು ಕೋಣೆಯಲ್ಲಿ ಕೂಡಿಸಿದರೆ ಅವರಲ್ಲಿ ಇಬ್ಬರು ಆಸ್ಪತ್ರೆ ಸೇರುವ ಕಾಲ. ಎಂದು ತೆರೆದೀತು ಎಂದು ಯಾರಿಗೂ ಗೊತ್ತಿಲ್ಲ. ಝೂಮ್‌ನಲ್ಲಿ ಹತ್ತು ಮುಖ ಕಂಡರೆ ಅದನ್ನು ಹತ್ತು ಮಂದಿ ಎಂದು ಎಣಿಸಬಹುದೇ? ಎಣಿಸಬಹುದಾದರೆ ಅಪ್ಪನಿಗೆ ಕದ್ದೀಶ್ ಉಂಟು. ಇಲ್ಲವಾದರೆ ಇಲ್ಲ. ಅವರದು ಹೆಂಗಸರನ್ನೂ ಎಣಿಕೆಗೆ ಹಿಡಿಯುವ ಪಂಗಡ. ತೀರ್ಪು ಕೊಡುವ ಅಧಿಕಾರ ಅಲ್ಲಿನ ರಬ್ಬಿ ಶೀರಾ ಎಂಬ ನಲವತ್ತರ ಹೆಂಗಸಿನದು. ಆಕೆ, ನಿಮ್ಮ ವಾದ ಕೇಳದೆ ನಾನು ಹೇಳುವುದಿಲ್ಲ ಎಂದು ಎಲ್ಲರನ್ನೂ ಭಾನುವಾರ ಝೂಮ್‌ಗೆ ಕರೆದರು.

ಅಲ್ಲಿ ಎಝ್ರಾ ಫಿಂಕಲ್ ಎದ್ದರು. ಎಂಬತ್ತರ ಮೇಲಿನ ವಯಸ್ಸು, ನಿವೃತ್ತ ಗಣಿತದ ಮೇಷ್ಟ್ರು, ಹುಬ್ಬು ಕಂಬಳಿಯ ಹಾಗೆ. "ಆಗುವುದಿಲ್ಲ," ಎಂದರು. "ಹತ್ತು ಮಂದಿ ಒಂದೇ ಜಾಗದಲ್ಲಿರಬೇಕು ಅಂತ ಶಾಸ್ತ್ರದಲ್ಲಿ ಸ್ಪಷ್ಟವಾಗಿದೆ. ಇವತ್ತು ಪರದೆಯನ್ನು ಕೋಣೆ ಅಂತೀರಿ, ನಾಳೆ ಬಾಗಿಲು ತೆರೆದರೂ ಯಾರೂ ಸೋಫಾ ಬಿಟ್ಟು ಏಳುವುದಿಲ್ಲ." ಕಾಲು ಗಂಟೆ ಮಾತಾಡಿದರು. ಒಂದೊಂದು ಮಾತೂ ಮೊಳೆ ಹೊಡೆದ ಹಾಗೆ.

ರಬ್ಬಿ ಶೀರಾ ಕೇಳಿದರು, "ನೀಲಾ, ಇದು ನಿನ್ನ ಪ್ರಶ್ನೆ. ನೀನೇನು ಹೇಳುತ್ತಿ?"

ನೀಲಗಂಗಾಳ ಹೊಟ್ಟೆಯಲ್ಲಿ ಕೋಪ ಇತ್ತು. ಅಪ್ಪನ ಸಾವು ಇವರಿಗೆ ಚರ್ಚಾಸ್ಪರ್ಧೆಯ ವಿಷಯವಾಯಿತೇ ಎಂದು. ಆದರೆ ಪರದೆಯ ಮೇಲಿದ್ದದ್ದು ಬಿಳಿ ಹುಬ್ಬಿನ ಹಿರಿಯ ಮುಖ. ಬಾಯಿಗೆ ಬಂದದ್ದು ಅದೇ ಹಳೆಯ ಉತ್ತರ. "ಮಿಸ್ಟರ್ ಫಿಂಕಲ್ ದೊಡ್ಡವರು, ತಿಳಿದವರು. ಅವರು ಹೇಳಿದ ಹಾಗೇ ಆಗಲಿ. ನನ್ನ ಕೋರಿಕೆ ಬಿಟ್ಟುಬಿಡಿ." ಹೇಳಿ ಕೈಮುಗಿದಳು.

ಗೌರವ ಕೊಟ್ಟೆ ಎಂದುಕೊಂಡಿದ್ದಳು, ಪಾಪ. ಫಿಂಕಲ್ ಮುಖ ಕೆಂಪಾಯಿತು. "ಅಷ್ಟೇನಾ?" ಎಂದು ಗುಡುಗಿದರು. "ಬಿಟ್ಟುಬಿಡುವುದಾ? ನಾನೇನು ನಿನ್ನನ್ನು ಹೆದರಿಸಲು ಬಂದಿದ್ದೇನಾ?" ಪರದೆ ಆರಿಸಿ ಹೊರಟೇಹೋದರು. ರಬ್ಬಿ ಶೀರಾ ತೀರ್ಪನ್ನು ಮುಂದಿನ ಭಾನುವಾರಕ್ಕೆ ಹಾಕಿದರು. ನೀಲಗಂಗಾ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಅಪ್ಪನಿಗಾಗಿಯೂ ಏನೂ ಮಾಡಲಾಗಲಿಲ್ಲ, ಮುದುಕನ ಹತ್ತಿರವೂ ಬೈಸಿಕೊಂಡದ್ದಾಯಿತು.

ಸೋಮವಾರ ಮಧ್ಯಾಹ್ನ ಫೋನು. ಫಿಂಕಲ್.

"ನಿನ್ನೆ ಕೂಗಿದ್ದು ತಪ್ಪು, ಕ್ಷಮಿಸು. ಆದರೆ ನೀನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಹಳೆಯ ನ್ಯಾಯಸಭೆಯಲ್ಲಿ ಒಂದು ನಿಯಮ ಗೊತ್ತಾ? ಕೊಲೆಗಾರನ ಮೇಲೆ ವಿಚಾರಣೆ. ನ್ಯಾಯಾಧೀಶರು ಎಲ್ಲರೂ, ಒಬ್ಬನೂ ತಪ್ಪದೆ, ಶಿಕ್ಷೆಯಾಗಲಿ ಅಂದರೆ ಏನಾಗುತ್ತದೆ?"

"ಶಿಕ್ಷೆ ಆಗುತ್ತೆ."

"ಬಿಡುಗಡೆ ಆಗುತ್ತೆ! ಯಾಕೆ? ಒಬ್ಬನೂ ಅವನ ಪರವಾಗಿ ಯೋಚನೆ ಮಾಡಲಿಲ್ಲ ಅಂದರೆ ಆ ಸಭೆ ಸರಿಯಾಗಿ ಯೋಚನೆಯನ್ನೇ ಮಾಡಿಲ್ಲ. ನೀನು ಒಪ್ಪಿಕೊಂಡು ನನ್ನ ಮಾತನ್ನೇ ಕೆಡಿಸಿದೆ. ಎದುರಾಳಿಯಿಲ್ಲದೆ ಗೆದ್ದ ಶಾಸ್ತ್ರ ನನಗೆ ಬೇಡ."

ಇದೊಳ್ಳೆ ಕಥೆಯಾಯಿತಲ್ಲ ಎಂದುಕೊಂಡಳು. ಬಾಯಲ್ಲಿ ಮಾತ್ರ, "ಈಗ ನಾನೇನು ಮಾಡಲಿ, ಮಿಸ್ಟರ್ ಫಿಂಕಲ್?" ಎಂದಳು.

"ಮೊದಲು ನನ್ನನ್ನು ಎಝ್ರಾ ಅನ್ನು. ಆಮೇಲೆ ನನ್ನನ್ನು ಸೋಲಿಸುವುದು ಹೇಗೆ ಅಂತ ಕಲಿ. ನಾನೇ ಕಲಿಸುತ್ತೇನೆ."

ಎಝ್ರಾ ಎನ್ನುವುದು ಅವಳ ನಾಲಿಗೆಗೆ ಕೊನೆಗೂ ಬರಲಿಲ್ಲ, 'ಎಝ್ರಾ ಅಂಕಲ್' ಎಂಬಲ್ಲಿಗೆ ರಾಜಿಯಾಯಿತು. ಆ ವಾರ ದಿನಾ ಲ್ಯಾಬಿನ ಕೆಲಸ ಮುಗಿಸಿ ಅವಳು ಡೆಕ್ಕಿನ ಮೇಲೆ ಕೂರುತ್ತಿದ್ದಳು, ಅತ್ತ ಅವರು ತಮ್ಮ ಅಪಾರ್ಟ್‌ಮೆಂಟಿನಲ್ಲಿ. ಮಧ್ಯೆ ಫೋನು, ಇಬ್ಬರ ಎದುರೂ ಯಹೂದಿ ಶಾಸ್ತ್ರಗ್ರಂಥದ ಒಂದೇ ಪುಟ. ಅದು ನಮ್ಮ ಪುಸ್ತಕಗಳ ಪುಟದಂತಲ್ಲ. ನಡುವೆ ಋಷಿಗಳ ವಾದ. ಅದರ ಒಂದು ಪಕ್ಕದಲ್ಲಿ ನೂರಾರು ವರ್ಷದ ನಂತರ ಒಬ್ಬರು ಬರೆದ ವಿವರಣೆ. ಇನ್ನೊಂದು ಪಕ್ಕದಲ್ಲಿ ಅವರ ಮೊಮ್ಮಕ್ಕಳೇ 'ನಮ್ಮ ತಾತ ಹೇಳಿದ್ದು ಹೊಂದುವುದಿಲ್ಲ' ಎಂದು ಹಾಕಿದ ಆಕ್ಷೇಪಣೆ. ಅಜ್ಜನ ಎದುರಿಗೇ ಮೊಮ್ಮಗನ ತಕರಾರನ್ನು ಅಚ್ಚು ಹಾಕಿ ಪೂಜ್ಯಗ್ರಂಥ ಎನ್ನುತ್ತಾರಲ್ಲ, ಇದೆಂಥ ಜನ ಎಂದು ನೀಲಗಂಗಾ ಬೆರಗಾದಳು. ಇಷ್ಟು ವರ್ಷ ಅವಳು ಕಲಿತದ್ದು ಹಬ್ಬ, ಅಡುಗೆ, ಪ್ರಾರ್ಥನೆ. ಒಳಕೋಣೆಗೆ ಈಗ ಕಾಲಿಟ್ಟಳು.

"ಮುಂಚೆ ನಮಗೂ ದೊಡ್ಡ ಗುಡಿ ಇತ್ತು, ಜೆರುಸಲೇಮಿನಲ್ಲಿ," ಎಂದರು ಫಿಂಕಲ್. "ಪುರೋಹಿತರು, ಬಲಿ, ಬೆಂಕಿ. ಪಾಪ ಕಳೆಯುವುದಕ್ಕೂ ಅದೇ, ಹಬ್ಬಕ್ಕೂ ಅದೇ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಅದನ್ನು ಸುಟ್ಟರು. ಇನ್ನು ನಮ್ಮ ಕಥೆ ಮುಗಿಯಿತು ಅಂದುಕೊಂಡರು ಜನ. ಯಾವ್ನೆ ಅನ್ನೋ ಸಣ್ಣ ಊರಲ್ಲಿ ಕೆಲವು ಮೇಷ್ಟ್ರುಗಳು ಕೂತರು. ಬಲಿಯ ಹೊತ್ತಿಗೆ ಪ್ರಾರ್ಥನೆ ಇಟ್ಟರು. ಊಟದ ಮೇಜೇ ಬಲಿಪೀಠ ಅಂದರು. ಬೆಂಕಿ ಹಚ್ಚಲು ಜಾಗವಿಲ್ಲದ ಮೇಲೆ ವಾದ ಹಚ್ಚಿದರು. ಇಬ್ಬರು ಒಂದು ಪುಟದ ಮುಂದೆ ಕೂತು ಜಗಳವಾಡಿದರೆ ದೇವರು ಅಲ್ಲಿಗೇ ಬಂದು ಕೂರುತ್ತಾನೆ. ಆ ಜೋಡಿಗೆ ಹವ್ರೂತಾ ಅಂತ ಹೆಸರು."

"ನಿಮಗೆ ಜೋಡಿ ಯಾರು, ಅಂಕಲ್?"

"ಗರ್ಶನ್ ಅಂತ ಇದ್ದ. ಮೂವತ್ತು ವರ್ಷ ಜಗಳವಾಡಿದೆವು. ಮಾರ್ಚ್‌ನಲ್ಲಿ ಹೋದ, ಇದೇ ಕಾಯಿಲೆ," ಎಂದರು. "ಹಿಂದೆ ಒಬ್ಬ ಗುರುವಿಗೂ ಹೀಗೇ ಆಯಿತು. ಜೊತೆಯವನು ಸತ್ತ. ಇನ್ನೊಬ್ಬನನ್ನು ತಂದು ಕೂರಿಸಿದರು. ಅವನು ಗುರು ಏನೇ ಹೇಳಿದರೂ, ಹೌದು, ನಿಮಗೆ ಇಲ್ಲೊಂದು ಆಧಾರವಿದೆ ಅಂತಿದ್ದ. ಗುರು ಅತ್ತ. ನಾನು ಸರಿ ಅನ್ನೋದು ನನಗೆ ಗೊತ್ತಿಲ್ಲವೇನಯ್ಯಾ, ಅವನಾಗಿದ್ದರೆ ಇಪ್ಪತ್ತನಾಲ್ಕು ಆಕ್ಷೇಪಣೆ ಎತ್ತುತ್ತಿದ್ದ ಅಂದ. ಬಟ್ಟೆ ಹರಿದುಕೊಂಡು ಬೀದಿಯಲ್ಲಿ ಅವನನ್ನು ಕೂಗುತ್ತ ಅಲೆದ, ಬುದ್ಧಿ ಕಳೆದುಕೊಂಡ." ಅವರ ಸ್ವರ ಒಡೆಯಿತು. "ಭಾನುವಾರ ನೀನು ಕೈಮುಗಿದೆಯಲ್ಲ, ನನಗೆ ಅದು ನೆನಪಾಯಿತು."

ಈ ಮುದುಕ ತನ್ನನ್ನು ಬೈದದ್ದು ಸಿಟ್ಟಿಗಲ್ಲ, ಒಬ್ಬಂಟಿತನಕ್ಕೆ ಎಂದು ನೀಲಗಂಗಾಳಿಗೆ ಆಗ ತಿಳಿಯಿತು.

ಫಿಂಕಲ್ ಪಾಠದಲ್ಲಿ ದಯೆ ದಾಕ್ಷಿಣ್ಯ ಇರಲಿಲ್ಲ. ಮೊದಲ ನಿಯಮ, ಅವಳು ತನ್ನ ಮಾತಿಗಿಂತ ಮುಂಚೆ ಅವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು. ಹಿಲ್ಲೆಲ್‌ನ ಶಿಷ್ಯರಿಗೂ ಶಮ್ಮಾಯ್‌ನ ಶಿಷ್ಯರಿಗೂ, ಅಂದರೆ ಹಳೆಯ ಕಾಲದ ಇಬ್ಬರು ಗುರುಗಳ ಕಡೆಯವರಿಗೆ, ವರ್ಷಗಟ್ಟಲೆ ವಾದ ನಡೆಯಿತಂತೆ. ಕೊನೆಗೆ ಆಕಾಶದಿಂದ ಧ್ವನಿ ಬಂತಂತೆ, ಎರಡೂ ಜೀವಂತ ದೇವರ ಮಾತೇ, ಆದರೆ ಹಿಲ್ಲೆಲ್‌ನವರಂತೆ ನಡೆಯಿರಿ ಎಂದು. ಯಾಕೆಂದರೆ ಅವರು ಸೌಮ್ಯರು, ಎದುರಿನವರ ಮಾತನ್ನು ಮೊದಲು ಹೇಳಿ ಆಮೇಲೆ ತಮ್ಮದನ್ನು ಹೇಳುತ್ತಿದ್ದರು. ನೀಲಗಂಗಾ ಹೇಳುತ್ತಿದ್ದಳು, ಫಿಂಕಲ್ 'ಸಾಲದು, ನನ್ನ ವಾದ ಇನ್ನೂ ಗಟ್ಟಿ' ಎಂದು ಮತ್ತೆ ಹೇಳಿಸುತ್ತಿದ್ದರು. ಎರಡನೆಯ ನಿಯಮ, ಉತ್ತರವನ್ನು ಅವರು ಹೇಳಿಕೊಡುವುದಿಲ್ಲ. ಎಲ್ಲಿ ಹುಡುಕಬೇಕೆಂದು ಮಾತ್ರ ತೋರಿಸುತ್ತಾರೆ.

ಗುರುವಾರ ಸಿಕ್ಕಿತು. ಹತ್ತು ಮಂದಿ ಒಂದೇ ಜಾಗದಲ್ಲಿರಬೇಕು ಎಂಬ ಸಾಲಿನ ಬೆನ್ನಿಗೇ ಇನ್ನೊಂದು ಸಾಲಿತ್ತು. ಹೊರಗೆ ನಿಂತವನ ಮತ್ತು ಒಳಗಿನವರ ನಡುವೆ ಕಿಟಕಿಯಿದ್ದರೆ, ಅದು ಎಷ್ಟೋ ಅಂತಸ್ತು ಎತ್ತರದಲ್ಲಿದ್ದರೂ ಸರಿ, ಅಲ್ಲಿಂದ ಅವನು ಮುಖ ತೋರಿಸಿದರೆ ಹತ್ತನೆಯವನಾಗಿ ಎಣಿಕೆಗೆ ಬರುತ್ತಾನೆ.

"ಅಂಕಲ್! ಕಿಟಕಿ!" ಎಂದು ಫೋನಿನಲ್ಲಿ ಕಿರುಚಿಯೇಬಿಟ್ಟಳು.

"ಭಲೆ," ಎಂದರು ಫಿಂಕಲ್. "ಭಾನುವಾರ ಅದನ್ನು ನಾನು ಮುರಿಯುತ್ತೇನೆ. ಹೇಗೆ ಅಂತ ಹೇಳುವುದಿಲ್ಲ."

ಭಾನುವಾರ ಆರಿ ಅವಳ ಪಕ್ಕದಲ್ಲಿ ನೀರಿನ ಲೋಟ ಇಟ್ಟು ಹೊರಗೆ ಹೋದ. ಅವಳು ಮೊದಲು ಫಿಂಕಲ್ ವಾದವನ್ನು ಹೇಳಿದಳು, ಎಷ್ಟು ಚೆನ್ನಾಗಿ ಹೇಳಿದಳೆಂದರೆ ನಾಲ್ಕಾರು ಜನ ಅದಕ್ಕೇ ತಲೆದೂಗಿದರು. ಆಮೇಲೆ ಕಿಟಕಿಯ ಸಾಲು ಓದಿದಳು. "ಗೋಡೆ ಇದ್ದರೂ, ಅಂತಸ್ತು ಇದ್ದರೂ ಮುಖ ಕಂಡರೆ ಸಾಕು ಅಂದಿದ್ದಾರೆ. ನಾವು ಒಬ್ಬರಿಗೊಬ್ಬರು ಮುಖ ತೋರಿಸುತ್ತಿದ್ದೇವೆ," ಎಂದಳು.

ಫಿಂಕಲ್ ಮುಂದಕ್ಕೆ ಬಾಗಿದರು. "ಕಿಟಕಿಯಲ್ಲಿದ್ದವನು ಒಬ್ಬ. ಒಳಗೆ ಒಂಬತ್ತು ಜನ ಕೂಡಿದ್ದರು. ಇಲ್ಲಿ ಹತ್ತೂ ಜನ ಹತ್ತು ಕಡೆ. ನಿನ್ನ ಹತ್ತಿರ ಕಿಟಕಿ ಇದೆ, ಮನೆಯೇ ಇಲ್ಲ!"

ಇದೇ ಆ ಗುಟ್ಟಿನ ಏಟು. ಅವಳ ನಾಲಿಗೆಯ ತುದಿಗೆ 'ನೀವು ಹೇಳಿದ್ದೇ ಸರಿ' ಬಂದು ಕೂತಿತ್ತು. ಅಷ್ಟು ಹೇಳಿಬಿಟ್ಟರೆ ಎಲ್ಲವೂ ಮುಗಿದು ಹಾಯೆನಿಸುತ್ತಿತ್ತು. ಅಪ್ಪ ಮಾತು ಬಿಟ್ಟ ಆ ಎರಡು ವರ್ಷ ಕಣ್ಣಮುಂದೆ ಬಂತು. ಆಗ ಒಂದೇ ಒಂದು ಸಲ ಎದುರು ಮಾತಾಡಿದ್ದರೆ, ವಕೀಲ ಮನುಷ್ಯ, ಬಾಯಿ ತೆರೆಯುತ್ತಿದ್ದರೇನೋ. ಸುಮ್ಮನಿದ್ದು ಅವರನ್ನೂ ಸುಮ್ಮನಾಗಿಸಿದೆ ಎಂದು ಅವಳಿಗೆ ಈಗ ಹೊಳೆಯಿತು.

"ಇಲ್ಲ," ಎಂದಳು. ಸ್ವರ ಏರಿತ್ತು. "ಅಂಕಲ್, ನಾನು ಒಪ್ಪುವುದಿಲ್ಲ. ಮನೆ ಇಲ್ಲ ಅಂತೀರಿ. ಗುಡಿ ಸುಟ್ಟ ಮೇಲೆ ಯಾವ್ನೆಯಲ್ಲಿ ಮನೆ ಎಲ್ಲಿತ್ತು? ಹೊಸ ವರ್ಷದ ದಿನ ವಾರದ ವಿಶ್ರಾಂತಿಯ ಸಬ್ಬತ್ತು ಬಂದರೆ ಗುಡಿಯಲ್ಲಿ ಮಾತ್ರ ಕೊಂಬು ಊದಬಹುದಿತ್ತು. ಗುಡಿ ಹೋಯಿತು. ಕೊಂಬೂ ಹೋಗಲಿ ಅಂದರಾ ನಿಮ್ಮ ಗುರುಗಳು? ನ್ಯಾಯಸಭೆ ಕೂಡುವ ಕಡೆ ಊದಿ ಅಂದರು. ಮನೆ ಇದ್ದಾಗಿನ ನಿಯಮವನ್ನು ಮನೆ ಹೋದ ದಿನಕ್ಕೆ ಹಾಗೇ ಹಾಕಿದ್ದರೆ ಇವತ್ತು ನೀವೂ ಇರುತ್ತಿರಲಿಲ್ಲ, ನಾನು ಸೇರುವುದಕ್ಕೆ ಏನೂ ಇರುತ್ತಿರಲಿಲ್ಲ."

"ಆ ಕಥೆ ಪೂರ್ತಿ ಹೇಳು!" ಫಿಂಕಲ್ ಸ್ವರವೂ ಏರಿತ್ತು. "ವಾದ ಮಾಡೋಣ ಅಂದವರಿಗೆ ಯಾವ್ನೆಯ ಗುರು, ಮೊದಲು ಊದೋಣ, ಆಮೇಲೆ ವಾದ ಅಂದ. ಊದಿಯಾದ ಮೇಲೆ, ಕೊಂಬು ಕೇಳಿಸಿಯಾಯಿತು, ಇನ್ನು ವಾದ ಯಾಕೆ ಅಂದ. ಅದು ಮೋಸ!"

"ಅದಕ್ಕೇ ನಾವು ಮೊದಲು ವಾದ ಮಾಡುತ್ತಿದ್ದೇವೆ," ಎಂದಳು ನೀಲಗಂಗಾ.

ಪರದೆಯ ತುಂಬ ನಗು ಎದ್ದಿತು. ಫಿಂಕಲ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ರಬ್ಬಿ ಶೀರಾ ತೀರ್ಪು ಹೇಳಿದರು. ಕಾಯಿಲೆಯಿಂದ ಬಾಗಿಲು ಮುಚ್ಚಿರುವವರೆಗೆ, ಒಬ್ಬರಿಗೊಬ್ಬರು ಮುಖ ಕಂಡು ದನಿ ಕೇಳುವ ಹತ್ತು ಮಂದಿ ಕದ್ದೀಶ್‌ಗೆ ಸಾಕು. ಬಾಗಿಲು ತೆರೆದ ದಿನ ಈ ಅನುಮತಿ ರದ್ದು. "ಎಝ್ರಾ ಅವರ ವಿರೋಧವನ್ನೂ ತೀರ್ಪಿನ ಜೊತೆಗೇ ಬರೆಯುತ್ತೇನೆ. ಮುಂದೆ ಬರುವವರಿಗೆ ಅವರ ಮಾತೇ ಸರಿಯೆನಿಸಬಹುದು. ಸೋತ ಮಾತನ್ನು ನಮ್ಮವರು ಅಳಿಸುವುದಿಲ್ಲ," ಎಂದರು.

ಆ ಸಂಜೆಯೇ ಮೊದಲ ಪ್ರಾರ್ಥನೆ. ಕದ್ದೀಶ್‌ನ ಹೊತ್ತು ಬಂತು. ರಬ್ಬಿ ಶೀರಾ, ನೀಲಗಂಗಾಳ ಹಿಂದೆ ಬಾಗಿಲಲ್ಲಿ ನಿಂತಿದ್ದ ಆರಿಯನ್ನೂ ಸೇರಿಸಿ, ಮುಖಗಳನ್ನು ಎಣಿಸಿದರು. ಒಂಬತ್ತು. ಮತ್ತೆ ಎಣಿಸಿದರು, ಒಂಬತ್ತೇ. ಬರುತ್ತೇನೆಂದಿದ್ದ ಒಬ್ಬಾಕೆಗೆ ಮಧ್ಯಾಹ್ನ ಜ್ವರ ಬಂದಿತ್ತು. ಯಾರೋ ಯಾರಿಗೋ ಫೋನು ಮಾಡಿದರು, ಎತ್ತಲಿಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು. ಗೆದ್ದೂ ಸೋತೆನಲ್ಲ ಎಂದು ನೀಲಗಂಗಾ ಪ್ರಾರ್ಥನೆಯ ಹಾಳೆಯನ್ನು ಮುದುಡಿದಳು.

ಆಗ ಹೊಸ ಚೌಕವೊಂದು ತೆರೆದುಕೊಂಡಿತು. ಒಂದು ಹಣೆ, ಎರಡು ಹುಬ್ಬು.

"ಮುಖ ಪೂರ್ತಿ ಕಾಣಬೇಕು, ಎಝ್ರಾ," ಎಂದರು ರಬ್ಬಿ ಶೀರಾ. ಕ್ಯಾಮೆರಾ ಅಲುಗಿತು. ಫಿಂಕಲ್ ಮುಖ ಪೂರ್ತಿ ಬಂತು.

ಹತ್ತು! ಸದ್ಯ ಬಂದರಲ್ಲ ಎಂದು ಎಲ್ಲರೂ ಪ್ರಾರ್ಥನೆಯ ಹಾಳೆ ಎತ್ತಿಕೊಂಡರು. ನೀಲಗಂಗಾ ಒಬ್ಬಳು ಸುಮ್ಮನಿರಲಿಲ್ಲ. ಯಾಕೆ ಹಾಗೆ ಮಾಡಿದಳೋ, ಅವಳಿಗೇ ಗೊತ್ತಿಲ್ಲ.

"ಅಂಕಲ್, ಇದು ಎಣಿಕೆಗೆ ಬರುವುದಿಲ್ಲ ಅಂತ ನೀವೇ ನಂಬಿದ್ದೀರಿ. ನಂಬದವರನ್ನು ನಾವು ಹೇಗೆ ಎಣಿಸುವುದು?"

ಆರಿ ಬಾಗಿಲಲ್ಲಿ ನಿಂತಿದ್ದವನು ಹಣೆ ಚಚ್ಚಿಕೊಂಡ. ಕೈಗೆ ಬಂದ ಹತ್ತನೆಯವರನ್ನೂ ಓಡಿಸುತ್ತಾಳೆಯೇ ಇವಳು!

ಫಿಂಕಲ್ ಅವಳನ್ನೇ ನೋಡಿದರು. ಮೀಸೆಯಂಚಿನಲ್ಲಿ ಏನೋ ಅಲುಗಿತು. "ಒಳ್ಳೆಯ ಆಕ್ಷೇಪಣೆ. ಉತ್ತರ ಕೇಳು. ಒಬ್ಬ ಗುರು ತನ್ನ ಲೆಕ್ಕದಲ್ಲಿ ಯಾವ ದಿನ ಉಪವಾಸದ ಮಹಾದಿನವಾಗಿತ್ತೋ, ಅದೇ ದಿನ ಅಂದು ಮುಟ್ಟಲೇಬಾರದ ಕೋಲು ಹಿಡಿದು, ದುಡ್ಡಿನ ಚೀಲ ಹೊತ್ತು, ಸಭೆಯ ಮುಖ್ಯಸ್ಥನ ಮನೆಗೆ ನಡೆದುಹೋದ. ಸಭೆ ಬೇರೆ ದಿನವನ್ನು ತೀರ್ಮಾನ ಮಾಡಿತ್ತು, ಅದಕ್ಕೆ. ಲೆಕ್ಕ ತಪ್ಪಾಯಿತು ಅಂತ ಅವನು ಒಪ್ಪಿಕೊಳ್ಳಲಿಲ್ಲ. ನಾನೂ ಒಪ್ಪಿಲ್ಲ. ನೀನು ಹೇಳಿದ್ದು ತಪ್ಪು, ನಾಳೆ ಫೋನು ಮಾಡು, ಯಾಕೆ ಅಂತ ಹೇಳುತ್ತೇನೆ. ಆದರೆ ಸಭೆ ನಿಂತ ಕಡೆ ನಿಲ್ಲುತ್ತೇನೆ. ಎಣಿಸು."

"ಆಯ್ತು, ಎಣಿಸುತ್ತೇನೆ," ಎಂದಳು. ಕಣ್ಣು ತುಂಬಿತ್ತು.

"ಸಾವಿನ ದುಃಖದಲ್ಲಿರುವವರು ಎದ್ದು ನಿಲ್ಲಿ. ಮೈಕು ಅವರದು ಮಾತ್ರ ತೆರೆದಿರಲಿ, ಉಳಿದವರು ಆಮೆನ್‌ಗೆ ತೆರೆಯಿರಿ," ಎಂದರು ರಬ್ಬಿ ಶೀರಾ.

ನೀಲಗಂಗಾ ಎದ್ದಳು. ಪರದೆಯಲ್ಲಿ ಇನ್ನೊಂದು ಚೌಕವೂ ಅಲುಗಿತು. ಕುರ್ಚಿಯ ಕೈ ಹಿಡಿದು, ನಿಧಾನವಾಗಿ, ಫಿಂಕಲ್ ಎದ್ದು ನಿಲ್ಲುತ್ತಿದ್ದರು.

ಅವಳಿಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು, "ಗರ್ಶನ್‌ಗೆ ಮಕ್ಕಳಿರಲಿಲ್ಲ. ಅವನಿಗೆ ಹೇಳುವುದಕ್ಕೆ ನಾನೊಬ್ಬನೇ."

ಅಂದರೆ ಮಾರ್ಚ್‌ನಿಂದ ಈವರೆಗೆ ಅವರೂ ಹೇಳಿರಲಿಲ್ಲ. ಇಷ್ಟು ದಿನ ಅವರು ಗಟ್ಟಿಯಾಗಿ ಮುಚ್ಚಿ ಹಿಡಿದದ್ದು ತಮ್ಮ ಬಾಗಿಲನ್ನೇ.

ನೀಲಗಂಗಾ ಬಾಯಿ ತೆರೆದಳು. ಅವರೂ ತೆರೆದರು. ಝೂಮ್‌ನ ತಡದಲ್ಲಿ ಇಬ್ಬರ ದನಿಯೂ ಹೊಂದಲಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ. ಒಬ್ಬರಿಗೊಬ್ಬರು ಕಾಯದೆ, ಬಿಟ್ಟೂ ಕೊಡದೆ, ಕೊನೆಯವರೆಗೂ ಹೇಳಿದರು.